ಮೂವತ್ತು ಸೆಕೆಂಡಿನ ನೀರು

ಗಬ್ಬೂರಿನ ಬೈಪಾಸ್ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಮಕ್ತುಮಸಾಬ ಅಂತೂ ಇಂತೂ ಮನೆ ಕಟ್ಟಿ ಮುಗಿಸಿದ. ಗೇಟು, ಕಿಟಕಿ, ಮೆಟ್ಟಿಲಿನ ಕಂಬಿ ಎಲ್ಲ ತಾನೇ ಬೆಸೆದದ್ದು. ಉಳಿದದ್ದು ಹಾಲ್‌ನ ಒಂದೇ ಗೋಡೆ, ಸೋಫಾದ ಹಿಂದಿನದು. ನಮ್ಮ ಕಡೆ ಹೊಸ ಮನೆಯಲ್ಲಿ ಸೋಫಾದ ಹಿಂದಿನ ಗೋಡೆ ಅಂದರೆ ಸುಮ್ಮನೆ ಅಲ್ಲ. ಬಂದವರು ಮೊದಲು ನೋಡುವುದು ಅದನ್ನೇ, ಹೋದ ಮೇಲೆ ಆಡಿಕೊಳ್ಳುವುದೂ ಅದನ್ನೇ.

ಅದಕ್ಕೆ ವಾಲ್‌ಪೇಪರ್ ಶಶಿಕುಮಾರ ಬಂದ, ದೊಡ್ಡ ಕೆಟಲಾಗ್ ಹಿಡಿದು. ಮಕ್ತುಮಸಾಬ ಪುಟ ತಿರುವಿ ಬೆರಳಿಟ್ಟದ್ದು ಸ್ವಿಟ್ಜರ್ಲೆಂಡಿನ ಒಂದು ಜಲಪಾತದ ಮೇಲೆ. ನೀರೋ, ಹಾಲೋ, ಮಲಮಲ್ ಬಟ್ಟೆಯೋ ಗೊತ್ತಾಗದಷ್ಟು ನುಣುಪು. ಆದರೆ ಕೆಳಗೆ ಮಡುವಿನಲ್ಲಿ ಎರಡು ಹಂಸಗಳಿದ್ದವು. ಮಕ್ತುಮಸಾಬನ ಅಪ್ಪ ಕಾಸಿಮಸಾಬರು ಐದೂ ಹೊತ್ತು ನಮಾಜು ಮಾಡುವುದು ಅದೇ ಹಾಲ್‌ನಲ್ಲಿ. ಅವರು ಚಷ್ಮಾ ಏರಿಸಿ ನೋಡಿ, "ಜೀವ ಇರೋ ಚಿತ್ರ ಈ ಗ್ವಾಡಿಗೆ ಬ್ಯಾಡ. ಮನಶ್ಯಾ ಬ್ಯಾಡ, ಪ್ರಾಣಿ ಬ್ಯಾಡ, ಪಕ್ಷಿನೂ ಬ್ಯಾಡ," ಎಂದರು.

"ಹಂಸ ತಗದು ಕೊಡ್ತೇನ್ರಿ ಅಜ್ಜಾರ, ಕಂಪ್ಯೂಟರದಾಗ ಎರಡ ನಿಮಿಷದ ಕೆಲಸ," ಎಂದ ಶಶಿಕುಮಾರ.

ಚಹದ ಕಪ್ಪು ಎತ್ತಲು ಬಂದಿದ್ದ ಮಕ್ತುಮಸಾಬನ ಹೆಂಡತಿ ಶಮೀಮ ಆಗ ಬಾಯಿಬಿಟ್ಟಳು. "ಅಂಥಾ ಫೋಟೋ ನಾನ ತಗೀತೇನಿ. ನಮ್ಮೂರ ಹಳ್ಳಕ್ಕ ಕಟ್ಟಿದ ಬಾಂದಾರದ್ದು, ಒಡ್ಡಿನ ಮ್ಯಾಲಿಂದ ನೀರ ಬೀಳೂದು. ಅಲ್ಲಿ ಹಂಸನೂ ಇಲ್ಲ, ಬಾತುಕೋಳಿನೂ ಇಲ್ಲ."

ಹಾಲ್‌ನಲ್ಲಿ ಎಲ್ಲರೂ ನಕ್ಕರು. ಮಕ್ತುಮಸಾಬ ಎಲ್ಲರಿಗಿಂತ ಜೋರಾಗಿ ನಕ್ಕ.

ಶಮೀಮ ಹೀಗೆ ಅಂದದ್ದು ಬರೀ ಹುಮ್ಮಸ್ಸಿನಿಂದಲ್ಲ. ಮಗಳು ಗುಲ್ನಾಜ ಮದುವೆಯಾಗಿ ಹೋಗುವಾಗ ತನ್ನ ಹಳೆಯ ಫೋನನ್ನು ಅಮ್ಮನಿಗೆ ಬಿಟ್ಟುಹೋಗಿದ್ದಳು. ಅದರ ಕ್ಯಾಮೆರಾದಲ್ಲಿ 'ಪ್ರೋ' ಅಂತ ಒಂದು ಮೂಲೆ ಇತ್ತು. ಒಂದು ದಿನ ರೊಟ್ಟಿ ಬಡಿಯುತ್ತ ಯೂಟ್ಯೂಬ್ ಹಚ್ಚಿದ್ದಾಗ ಶಮೀಮಳಿಗೆ ಆ ಮೂಲೆಯ ಗುಟ್ಟು ತಿಳಿಯಿತು. ಕ್ಯಾಮೆರಾದ ಕಣ್ಣನ್ನು ಬೇಕೆಂದಷ್ಟು ಹೊತ್ತು ತೆರೆದಿಡಬಹುದು. ಅಷ್ಟು ಹೊತ್ತಿನಲ್ಲಿ ಕದಲದೆ ಇದ್ದದ್ದು ಇದ್ದಹಾಗೆ ಬರುತ್ತದೆ, ಹರಿದದ್ದು ಕಲೆತು ನುಣ್ಣಗಾಗುತ್ತದೆ. ಅವಳು ಅಡುಗೆಮನೆಯ ನಳದ ಮೇಲೆ ಕೈ ಪಳಗಿಸಿಕೊಂಡಳು. ಫೋನನ್ನು ಗೋಧಿ ಡಬ್ಬಿಗೆ ಆನಿಸಿ, ಅರ್ಧ ಸೆಕೆಂಡಿಗೆ ಇಟ್ಟು ಒತ್ತಿದಳು. ನಳದ ನೀರು ಗಾಜಿನ ಕಡ್ಡಿಯಂತೆ ಬಂತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಒಲೆಯ ಮೇಲಿನ ರೊಟ್ಟಿ ಕರಕಾಯಿತು. ಅಂಗಡಿಯ ನಾಲ್ಕು ಗಂಡಸರ ಊಟ ಅವಳ ಒಲೆಯಿಂದಲೇ ಹೋಗಬೇಕು. ಅವತ್ತು ಕರಕು ರೊಟ್ಟಿ ಗಂಡನ ಬುತ್ತಿಗೇ ಹೋಯಿತು.

"ಸೋಮವಾರ ಮುಂಜಾನೆ ಶಶಿಕುಮಾರ ಬಂದು ಅಂಟಸ್ತಾನ," ಎಂದ ಮಕ್ತುಮಸಾಬ, ಕೆಟಲಾಗ್ ನೋಡಿದ ದಿನ ರಾತ್ರಿ ಊಟಕ್ಕೆ ಕೂತು. "ರವಿವಾರ ಸಂಜೀತನಾ ನಿನಗ ಟೈಮ್. ನಿನ್ನ ಬಾಂದಾರ ಸ್ವಿಟ್ಜರ್ಲೆಂಡ್ ಆತಂದ್ರ ಗ್ವಾಡಿ ನಿಂದು."

"ಖರೇ?"

"ಖರೇ. ನಾನ ಕರಕೊಂಡ ಹೋಗ್ತೇನಿ. ಮಜಾ ನೋಡಾಕರ ಬೇಕಲ್ಲ."

ಅವರ ಮನೆಮಾತು ಉರ್ದು. ಆದರೆ ಶಮೀಮ ತವರೂರು ಅಮ್ಮಿನಬಾವಿಯ ಕನ್ನಡ ಸಾಲಿಯಲ್ಲಿ ಕಲಿತವಳು, ಮಕ್ತುಮಸಾಬ ಗಿರಾಕಿಗಳ ಜೊತೆ ಕನ್ನಡದಲ್ಲೇ ಬೆಳೆದವನು. ಹೀಗಾಗಿ ಜಗಳಕ್ಕೆ ಮತ್ತು ಪಂಥಕ್ಕೆ ಮಾತ್ರ ಇಬ್ಬರಿಗೂ ಕನ್ನಡವೇ ಬೇಕು.

ಗೋಡೆ ಅಂದರೆ ಅವಳಿಗೆ ಏನು ಅಂತ ಗಂಡನಿಗೆ ತಿಳಿದಿರಲಿಲ್ಲ. ಆ ಮನೆಯಲ್ಲಿ ಇಟ್ಟಿಗೆ ಇಟ್ಟಿಗೆಗೂ ಅವನ ಹೆಸರಿತ್ತು. ಗೇಟು ನೋಡಿದವರು, "ಮಕ್ತುಮನ ಕೈ ಅಂದ್ರ ಕೈ" ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಕೈಗೆ ಊಟ ಹಾಕಿದ ಕೈ ಯಾವುದು ಅಂತ ಯಾರೂ ಕೇಳಿರಲಿಲ್ಲ. ತಾನು ಮಾಡಿದ್ದೊಂದು ಆ ಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳಬೇಕು, ಯಾರಾದರೂ ಬಂದು "ಇದನ್ಯಾರು ಮಾಡಿದ್ರು?" ಅಂತ ಕೇಳಬೇಕು ಎನ್ನುವುದು ಅವಳ ಆಸೆ. ಇಷ್ಟೇ. ಆದರೆ ಇಷ್ಟಕ್ಕೇ ಅವಳಿಗೆ ನಾಲ್ಕು ದಿನ ನಿದ್ದೆ ಬರಲಿಲ್ಲ.

ತೊಡಕು ಒಂದಿತ್ತು. ಅಡುಗೆಮನೆಯ ಮಬ್ಬಿನಲ್ಲಿ ನಡೆದ ಆಟ ಬಯಲಲ್ಲಿ ನಡೆಯಲೊಲ್ಲದು. ಅಂಗಳದ ನಳ ಬಿಟ್ಟು ಒಂದು ಸೆಕೆಂಡಿಗೆ ಇಟ್ಟರೆ ಫೋಟೋ ತುಂಬ ಬರೀ ಬಿಳುಪು, ಧೋತರ ಒಣಹಾಕಿದಂತೆ. ಅಷ್ಟು ಹೊತ್ತು ಕಣ್ಣು ತೆರೆದರೆ ಅಷ್ಟು ಬೆಳಕು ಒಳಗೆ ನುಗ್ಗುತ್ತದೆ, ಇನ್ನೇನಾಗಬೇಕು? ಕ್ಯಾಮೆರಾ ಬೆಳಕು ಹೀರುವ ಅಳತೆ, ಐಎಸ್‌ಒ ಅನ್ನುವುದನ್ನು ಐವತ್ತಕ್ಕೆ ಇಳಿಸಿದಳು. ಅದಕ್ಕಿಂತ ಕೆಳಗೆ ಅದು ಇಳಿಯದು. ಗಂಡನ ಕರಿ ಚಷ್ಮಾ ಅಡ್ಡ ಹಿಡಿದಳು, ಸಾಲಲಿಲ್ಲ. ಬುತ್ತಿ ಕೊಡಲು ಅಂಗಡಿಗೆ ಹೋದಾಗ ಮೇಜಿನ ಮೇಲೆ ವೆಲ್ಡಿಂಗ್ ಮುಖವಾಡದ ಕಪ್ಪು ಗಾಜು ಬಿದ್ದಿತ್ತು, ಹನ್ನೊಂದು ನಂಬರಿನದು. ಎತ್ತಿ ಆಕಾಶ ನೋಡಿದಳು. ಉರಿಬಿಸಿಲಿನ ಸೂರ್ಯ ಹಸಿರು ನಿಂಬೆಹಣ್ಣಿನಂತೆ ತಣ್ಣಗೆ ಕೂತಿದ್ದ. ಶಮೀಮ ಅತ್ತ ಇತ್ತ ನೋಡಿ ಗಾಜನ್ನು ಬುತ್ತಿಚೀಲಕ್ಕೆ ಇಳಿಸಿದಳು. ಗಂಡನ ಅಂಗಡಿಯಲ್ಲಿ ಹೆಂಡತಿ ಎತ್ತಿದ್ದು ಕಳವು ಅಲ್ಲವಂತೆ. ಅಲ್ಲವೆಂದು ಅವಳೇ ತೀರ್ಪು ಕೊಟ್ಟುಕೊಂಡಳು.

ರವಿವಾರ ಮೋಡ ಕವಿದಿತ್ತು. ಬೈಕಿನ ಮೇಲೆ ರಾಯಾಪುರ ದಾಟಿ, ಧಾರವಾಡ ದಾಟಿ, ಅಮ್ಮಿನಬಾವಿ ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆ. ದಾರಿಯುದ್ದಕ್ಕೂ ಮಕ್ತುಮಸಾಬ ಸ್ವಿಟ್ಜರ್ಲೆಂಡಿನ ಹವಾ ಹೇಗಿದೆ ಅಂತ ಕೇಳುತ್ತ ಬಂದ. ಊರಾಚೆಯ ಹಳ್ಳಕ್ಕೆ ಅಡ್ಡ ಕಟ್ಟಿದ ಬಾಂದಾರ ತುಂಬಿ, ಅದರ ಕಲ್ಲುಗೋಡೆಯ ಮೇಲಿಂದ ನೀರು ಆಳೆತ್ತರ ಕೆಳಗೆ ಧುಮುಕುತ್ತಿತ್ತು. ಶಮೀಮಳ ಎದೆ ಅರಳಿತು, ಮರುಕ್ಷಣವೇ ಮುದುಡಿತು. ಬಾಂದಾರ ತುಂಬಿದ ಸುದ್ದಿ ಫೋನಿನಿಂದ ಫೋನಿಗೆ ಹಾರಿ ಅರ್ಧ ಧಾರವಾಡ ಅಲ್ಲಿ ಬಂದು ನೀರಿಗೆ ಇಳಿದಿತ್ತು. ಸೆಲ್ಫಿಯವರು, ಲುಂಗಿ ಕಟ್ಟಿ ಮೀಯುವವರು, ಮಿರ್ಚಿ ತಿನ್ನುವವರು, ಅವರ ನಡುವೆ ನಾಲ್ಕು ಎಮ್ಮೆ.

"ನಮ್ಮ ಅಬ್ಬಾ ಎರಡ ಹಂಸಕ್ಕ ಒಲ್ಲೆ ಅಂದ್ರು," ಎಂದ ಮಕ್ತುಮಸಾಬ ಬೈಕಿಗೆ ಸ್ಟ್ಯಾಂಡ್ ಹಾಕುತ್ತ. "ಇಲ್ಲಿ ಎರಡನೂರ ಅದಾವ. ನಡಿ, ಹಂಗ ಹೋಗಿ ಫೇಡಾ ತಗೊಂಡು ಮನಿಗೆ ಹೋಗೂಣು."

"ಇರ್ರಿ ಸ್ವಲ್ಪ," ಎಂದಳು ಶಮೀಮ.

ಹಳ್ಳದ ದಂಡೆಗೆ ದ್ಯಾಮಣ್ಣನ ಹೊಲ. ಶಮೀಮಳ ತವರುಮನೆಗೂ ಆ ಮನೆಗೂ ಎರಡು ತಲೆಮಾರಿನ ಬಳಕೆ. ಬದುವಿನ ಮೇಲೆ ಕೂತಿದ್ದ ದ್ಯಾಮಣ್ಣ ಅವರನ್ನು ಕಂಡು, "ಏ, ನಮ್ಮ ಶಮೀಮವ್ವ! ಬರ್ರಿ ಬರ್ರಿ ಅಳಿಯಂದ್ರ!" ಎಂದು ಕೂಗಿದ. ಊರ ಮಗಳ ಗಂಡ ಊರಿಗೆಲ್ಲ ಅಳಿಯ. ಆ ಕೂಗಿಗೆ ಹಳ್ಳದಲ್ಲಿದ್ದ ಊರವರೆಲ್ಲ ತಿರುಗಿ ಅಳಿಯನಿಗೆ ಕೈ ಎತ್ತಿದರು.

ಶಮೀಮ ಬದುವಿನ ಕೆಳಗೆ ಗಟ್ಟಿ ನೆಲ ನೋಡಿ, ಮನೆಯಿಂದ ತಂದಿದ್ದ ಪ್ಲಾಸ್ಟಿಕ್ಕಿನ ಮೂರುಕಾಲಿನ ಸ್ಟ್ಯಾಂಡು ಇಟ್ಟು ಫೋನು ಸಿಕ್ಕಿಸಿದಳು. ಗಾಳಿಗೆ ಅದು ನಡುಗುತ್ತಿತ್ತು. ನಡುವಿನ ಕೊಕ್ಕೆಗೆ ಕಲ್ಲು ತುಂಬಿದ ಚೀಲ ತೂಗುಹಾಕಿದ ಮೇಲೆ ನೆಟ್ಟಗೆ ನಿಂತಿತು. ಮೊದಲು ಬಾಂದಾರದ ಕಲ್ಲಿಗೆ ಫೋಕಸ್ ಕೂರಿಸಿ ಅಲ್ಲಿಗೇ ಬಿಗಿದಳು, ಯಾಕೆಂದರೆ ಕಪ್ಪು ಗಾಜು ಅಡ್ಡ ಬಂದ ಮೇಲೆ ಫೋನಿಗೆ ಏನೂ ಕಾಣುವುದಿಲ್ಲ. ಆಮೇಲೆ ಚೀಲದಿಂದ ಗಾಜು ತೆಗೆದು, ಕರಿ ಇನ್ಸುಲೇಷನ್ ಟೇಪಿನಿಂದ ಲೆನ್ಸಿನ ಮೇಲೆ ಸಂದಿಯಿಲ್ಲದಂತೆ ಅಂಟಿಸಿದಳು.

"ಏ! ಅದು ನನ್ನ ಕಾಚು!" ಎಂದ ಮಕ್ತುಮಸಾಬ. "ಮೂರ ದಿನದಿಂದ ಅಂಗಡಿ ತುಂಬ ಹುಡುಕಾಕತ್ತೇನಿ. ಹುಡುಗರಿಗೆಲ್ಲ ಬೈದೇನಿ!"

"ನಾಳೆ ಅವರಿಗೆ ಚಹಾ ಕುಡಸ್ರಿ. ಈಗ ಒಂದ ಕೆಲಸ ಮಾಡ್ರಿ. ನಾ ಬಟನ್ ಒತ್ತಿದ ಮ್ಯಾಲೆ ಮೂವತ್ತ ಸೆಕೆಂಡ್ ಕ್ಯಾಮೆರಾ ಕಣ್ಣ ತಗದಿರತದ. ಈ ಮಂದಿನ್ನ ಒಂದೀಟು ನೀವು ನೋಡಕೋರಿ."

ಹೇಳಿದ್ದು ಅಷ್ಟೇ. ಅಲ್ಲೇ ಅವಳು ತಪ್ಪಿದಳು.

ಮಕ್ತುಮಸಾಬ ಪ್ಯಾಂಟು ಮಡಿಚಿ ನೀರಿಗೆ ಇಳಿದ. ಮಜಾ ನೋಡಲು ಬಂದವನು ಹೌದು, ಆದರೆ ಅಳಿಯತನ ತಲೆಗೇರಿತ್ತು. ಅತ್ತ ಶಮೀಮ ಐದು ಸೆಕೆಂಡಿನ ಟೈಮರ್ ಇಟ್ಟು, ಬಟನ್ ಒತ್ತಿ, ಕೈ ತಗುಲದಂತೆ ಹಿಂದೆ ಸರಿದು, ದುಪಟ್ಟಾದ ಸೆರಗನ್ನು ಫೋನಿನ ಮೇಲೆ ನೆರಳಾಗಿ ಹಿಡಿದು ತಲೆ ತಗ್ಗಿಸಿ ಕೂತಳು. ಇತ್ತ ಮಕ್ತುಮಸಾಬನ ಕಂಠ ಹಳ್ಳದ ಮೇಲೆಲ್ಲ ಹರಿಯಿತು. "ಏ, ನಿಂದರ್ರಿ! ಎಲ್ಲಾರೂ ನಿಂದರ್ರಿ! ಯಾರೂ ಅಲಗಬ್ಯಾಡ್ರಿ! ಫೋಟೋ ತಗ್ಯಾಕತ್ತಾರ!"

ಧಾರವಾಡದ ಮಂದಿ ಮರ್ಯಾದಸ್ತರು. ಒಬ್ಬರ ಫೋಟೋ ಕೆಡಿಸುವ ಪಾಪಕ್ಕೆ ಅವರು ಹೋಗುವವರಲ್ಲ. ಮೀಯುವವನು ತಲೆಯ ಮೇಲೆ ತಂಬಿಗೆ ಎತ್ತಿದವನು ಹಾಗೇ ನಿಂತ. ಮಿರ್ಚಿ ಬಾಯಿಗಿಟ್ಟವಳು ಕಚ್ಚದೆ ನಿಂತಳು. ಎಮ್ಮೆಗಳಂತೂ ಮೊದಲೇ ನಿಂತಿದ್ದವು.

ಮೂವತ್ತು ಸೆಕೆಂಡು ಮುಗಿದು, ಫೋನು ಇನ್ನೊಂದು ಗಳಿಗೆ ತಿಣುಕಿ ಫೋಟೋ ತೋರಿಸಿತು. ಹಸಿರು ಬಣ್ಣದಲ್ಲಿ, ವೆಲ್ಡಿಂಗ್ ಗಾಜು ಬಳಿಯುವ ಬಣ್ಣವೇ ಅದು. ಆ ಹಸಿರಿನೊಳಗೆ ನೀರು ನಿಜಕ್ಕೂ ಮಲಮಲ್ ಆಗಿತ್ತು. ಅದರ ಮುಂದೆ ಸಾಲಿಯ ಗ್ರೂಪ್ ಫೋಟೋದ ಹಾಗೆ ಹದಿನಾಲ್ಕು ಮಂದಿ ಅಚ್ಚೊತ್ತಿದಂತೆ ನಿಂತಿದ್ದರು. ನಡುವೆ ಕೈ ಚಾಚಿಕೊಂಡು ಮಕ್ತುಮಸಾಬ.

ಶಮೀಮ ಹಣೆ ಹಣೆ ಬಡಿದುಕೊಂಡಳು. "ನಿಂದರ್ರಿ ಅಂತ ಯಾಕ ಅಂದ್ರಿ?"

"ಫೋಟೋಕ ನಿಂದ್ರೂದು ಬಿಟ್ಟು ಕುಣೀತಾರೇನ?"

"ಹೌದ್ರಿ! ಕುಣೀಬೇಕು! ನಿಂತವರು ಅಷ್ಟ ಇದರಾಗ ಮೂಡ್ತಾರ. ಒಂದ ಜಾಗಾದಾಗ ನಿಂದರದ ಅಡ್ಡಾಡಾಕತ್ತವರು ಯಾವ ಜಾಗಾದಾಗೂ ಮೂಡೂವಷ್ಟ ಹೊತ್ತ ಇರಂಗಿಲ್ಲ. ನೀರ ಅವರ ಮ್ಯಾಲೆ ಬರಕೊಂಡ ಹೋಗತದ."

ಮಕ್ತುಮಸಾಬ ಫೋಟೋ ನೋಡಿದ, ಹಳ್ಳ ನೋಡಿದ, ಹೆಂಡತಿಯನ್ನು ನೋಡಿದ. ಕಬ್ಬಿಣದ ಜೊತೆ ಬದುಕಿದ ಮನುಷ್ಯ. ಎದುರಿಗೆ ಕಂಡದ್ದನ್ನು ಇಲ್ಲವೆನ್ನುವ ಜಾತಿಯಲ್ಲ. ಆ ಹಸಿರಿನೊಳಗೂ ಆ ನೀರು ಸ್ವಿಟ್ಜರ್ಲೆಂಡಿನ ತಲೆಯ ಮೇಲೆ ಹೊಡೆದಂತಿತ್ತು. ಅವನು ಅಂಗಿಯ ತೋಳನ್ನೂ ಮಡಿಚಿದ.

"ಹಂಗಾರ ಮೊದಲ ಹೇಳಬಾರದ?" ಎನ್ನುತ್ತ ಮತ್ತೆ ನೀರಿಗೆ ಇಳಿದ.

ಮುಂದಿನದನ್ನು ಅಮ್ಮಿನಬಾವಿಯವರು ಇನ್ನೂ ನೆನೆಸಿಕೊಂಡು ನಗುತ್ತಾರೆ. ಆಗಷ್ಟೇ "ಅಲಗಬ್ಯಾಡ್ರಿ" ಅಂದಿದ್ದ ಅಳಿಯ ಈಗ ಹಳ್ಳದ ಈ ಕಡೆಯಿಂದ ಆ ಕಡೆಗೆ ಓಡುತ್ತ, "ನಿಂದರಬ್ಯಾಡ್ರಿ! ಅಡ್ಡಾಡ್ರಿ! ಏ ಕಾಕಾ, ನಡೀರಿ! ಅವ್ವಾರ, ಮಿರ್ಚಿ ಆಮ್ಯಾಲೆ ತಿನ್ರಿ, ಈಗ ಲಗೂ ಲಗೂ ಆ ದಂಡಿಗೆ ಹೋಗ್ರಿ, ಈ ದಂಡಿಗೆ ಬರ್ರಿ!" ಎಂದು ಬಸ್ ಸ್ಟ್ಯಾಂಡಿನ ಕಂಡಕ್ಟರನಂತೆ ಒದರಿದ. ಮಂದಿ ನಗುತ್ತ ನಡೆದರು, ನಡೆಯುತ್ತ ನಕ್ಕರು. ಎಮ್ಮೆಗಳನ್ನು ಮಾತ್ರ ನಡೆಸುವುದು ಸುಲಭವಿರಲಿಲ್ಲ; ಅವಕ್ಕೆ ಅಳಿಯನ ಗುರುತು ಇರಲಿಲ್ಲ. ಅವನು ಒಂದರ ಬೆನ್ನಿಗೆ ಹೆಗಲು ಕೊಟ್ಟು ನೂಕಿದ, ಅದು ನಡೆಯಿತು, ಇವನು ಬಿದ್ದ, ಎದ್ದ, ಮತ್ತೆ ಓಡಿದ.

ಎರಡನೆಯ ಫೋಟೋ ಬಂತು. ಹಳ್ಳ ಖಾಲಿ! ಎಮ್ಮೆ ಇದ್ದಲ್ಲಿ ಒಂದು ಮಸುಕು ನೆರಳು, ಹೊಗೆ ಹಾಯ್ದಂತೆ. ಆದರೆ ಮೂಲೆಯಲ್ಲಿ, ಬದುವಿನ ಮೇಲೆ, ದ್ಯಾಮಣ್ಣ ಬೀಡಿ ಹಿಡಿದು ನೆಟ್ಟ ಕಲ್ಲಿನಂತೆ ಸ್ಪಷ್ಟವಾಗಿ ಕೂತಿದ್ದ.

"ದ್ಯಾಮಣ್ಣ ಕಾಕಾ, ನೀವೊಂದ ಸ್ವಲ್ಪ ಎದ್ದ ಅಡ್ಡಾಡ್ರಿ," ಎಂದಳು ಶಮೀಮ.

"ನಾ ಏನೂ ಮಾಡಿಲ್ಲ ತಂಗಿ. ಸುಮ್ಮನ ಕುಂತೇನಿ."

"ಅದಕ್ಕ ಬಂದೀರಿ."

ದ್ಯಾಮಣ್ಣ ಮಂಡಿ ಹಿಡಿದು ಎದ್ದು, ಹೊಲದ ಕಡೆಗೆ ಹೊರಟ. ಮೂರನೆಯ ಸಲ ಶಮೀಮ ಬಟನ್ ಒತ್ತಿದಳು. ಮೋಡದ ಬೆಳಕು ಅಷ್ಟರಲ್ಲಿ ಇನ್ನೊಂದಿಷ್ಟು ಮೆತ್ತಗಾಗಿತ್ತು. ಗಾಳಿ ಬಿದ್ದಿತ್ತು. ಮಕ್ತುಮಸಾಬ ಓಡಿದ, ಕೂಗಿದ, ನೂಕಿದ, ಮೂವತ್ತೂ ಸೆಕೆಂಡು ಒಂದು ಕಡೆ ಕಾಲೂರಲಿಲ್ಲ. ಮುಗಿದಾಗ ಏದುಸಿರು ಬಿಡುತ್ತ ದಂಡೆ ಹತ್ತಿ ಬಂದ.

ಶಮೀಮ ಫೋಟೋದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದಳು, ಹಸಿರು ಹೋಯಿತು. ಈಗ ಇದ್ದದ್ದು ಒದ್ದೆ ಕಲ್ಲಿನ ಕರಿ ಗೋಡೆ, ಅದರ ಮೇಲಿಂದ ಇಳಿಬಿಟ್ಟ ಬಿಳಿ ರೇಷ್ಮೆ, ಕೆಳಗೆ ಮಂಜು. ನರಪಿಳ್ಳೆ ಇಲ್ಲ. ಕಾಸಿಮಸಾಬರು ಭೂತಗನ್ನಡಿ ಹಿಡಿದರೂ ಒಂದು ಸೊಳ್ಳೆ ಸಿಗದು. ಅವಳ ಕಣ್ಣು ತುಂಬಿ ಬಂತು. ಅವಳೇ ಮಾಡಿದ್ದು ಅದು.

ಮಕ್ತುಮಸಾಬ ಒದ್ದೆ ಕೈ ಅಂಗಿಗೆ ಒರಸಿಕೊಂಡು ಫೋನು ಇಸಿದುಕೊಂಡ. ಎರಡು ಬೆರಳಿಂದ ಹಿಗ್ಗಿಸಿದ, ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ಏನೋ ಹುಡುಕುತ್ತಿದ್ದ.

"ನಾ ಎಲ್ಲಿ ಅದೇನಿ?" ಎಂದ ಕೊನೆಗೆ.

"ಇಲ್ಲ."

"ಒಂದೀಟೂ ಇಲ್ಲ? ಮೊಣಕಾಲ ಕೆತ್ತೇತಿ, ಎಮ್ಮಿ ಹಾಯ್ದೇತಿ, ದನಿ ಬಿದ್ದು ಹೋಗೇತಿ. ಇಷ್ಟೆಲ್ಲಾ ಮಾಡಿದಾಂವ ನಾನು. ಸುಮ್ಮನ ಬೀಡಿ ಸೇದಕೋತ ಕುಂತ ಕಾಕಾ ಚಂದಾಗಿ ಮೂಡಿದ್ದ. ಇದ್ಯಾವ ನ್ಯಾಯ?"

ಅವನ ಮುಖ ನಿಜಕ್ಕೂ ಸಣ್ಣದಾಗಿತ್ತು. ಶಮೀಮಳಿಗೆ ನಗು ತಡೆಯಲಿಲ್ಲ. ದಂಡೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು. ನಗುನಗುತ್ತಲೇ ಅಂದಳು, "ದುಡಕೋತ ಅಡ್ಡಾಡೂವರು ಕಾಣಂಗಿಲ್ಲರಿ. ಕುಂತವರು ಅಷ್ಟ ಕಾಣ್ತಾರ. ನಿಮಗ ಅರ್ಧಾ ತಾಸಿಗೇ ಇಷ್ಟ ಸಂಕಟ ಆತು. ನಾ ಇಪ್ಪತ್ತೆರಡ ವರ್ಷದಿಂದ ನಿಮ್ಮ ಮನ್ಯಾಗ ಹಿಂಗ ಅದೇನಿ."

ಹೇಳುವಾಗ ಅದು ಚೇಷ್ಟೆಯಾಗಿಯೇ ಹೊರಟಿತ್ತು. ಕೊನೆಗೆ ಬರುವ ಹೊತ್ತಿಗೆ ಅವಳ ನಗು ಅರ್ಧಕ್ಕೆ ನಿಂತಿತು, ಯಾಕೆಂದರೆ ಹೇಳಿದ್ದು ಖರೆ ಅಂತ ಅವಳಿಗೇ ಆಗ ಗೊತ್ತಾಯಿತು.

ಮಕ್ತುಮಸಾಬ ಬೈಕಿನ ಚೀಲದಲ್ಲಿಟ್ಟಿದ್ದ ತನ್ನ ಫೋನು ತೆಗೆದು ನಂಬರು ಒತ್ತಿದ.

"ಶಶಿಕುಮಾರ, ನಾಳೆ ಬರ್ರಿ. ಆದ್ರ ಸ್ವಿಟ್ಜರ್ಲೆಂಡ್ ತರಬ್ಯಾಡ್ರಿ. ಫೋಟೋ ನಾವ ಕೊಡ್ತೇವಿ, ಗ್ವಾಡಿ ತುಂಬ ದೊಡ್ಡದು ಮಾಡಿ ಅಂಟಸ್ರಿ... ಯಾವ ಫಾಲ್ಸ್ ಅಂದ್ರ? ಅಮ್ಮಿನಬಾವಿ ಬಾಂದಾರರಿ... ಚಾಷ್ಟಿ ಅಲ್ಲ... ನಮ್ಮ ಮನಿಯವರು ತಗದಾರ. ಹ್ಞೂಂ, ಶಮೀಮ. ಕೆಳಗ ಮೂಲ್ಯಾಗ ಹೆಸರ ಹಾಕಾಕ ಬರತೈತೇನು? ಹಾಕ್ರಿ."

ಫೋನು ಕಿಸೆಗಿಟ್ಟು ಅವನು ಬಾಂದಾರದ ಕಡೆ ಕೈ ತೋರಿಸಿದ. "ಈಗ ನೀ ಹೋಗಿ ಅಲ್ಲಿ ನಿಂದರು."

"ನಾ ಯಾಕ? ಅಬ್ಬಾ ಮನಶ್ಯಾರದು ಬ್ಯಾಡ ಅಂದಾರ."

"ಇದು ಗ್ವಾಡಿಗಲ್ಲ. ನನ್ನ ಫೋನಿನ್ಯಾಗ ಇಟ್ಟಕೊಳ್ಳಾಕ. ಎಲ್ಲೆ ಒತ್ತಬೇಕು ಅಷ್ಟ ಹೇಳಿ ಹೋಗು."

ಅವಳು ತನ್ನ ಫೋನನ್ನು ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸಿ ತೋರಿಸಿದಳು. ಚಪ್ಪಲಿ ಬಿಟ್ಟು ನೀರಿಗೆ ಇಳಿದು, ಬಾಂದಾರದ ಮುಂದಿನ ಕಲ್ಲಿನ ಮೇಲೆ ನಿಂತಳು. ಮಕ್ತುಮಸಾಬ ಒತ್ತಿ, ಹಿಂದೆ ಸರಿದು, ಗಟ್ಟಿಯಾಗಿ ಎಣಿಸತೊಡಗಿದ. ನಾಲ್ಕಕ್ಕೇ ಅವಳ ಕೈ ದುಪಟ್ಟಾ ಸರಿಮಾಡಲು ಹೋಯಿತು. ಏಳಕ್ಕೆ ಅವನ ಕೆತ್ತಿದ ಮೊಣಕಾಲು ಕಂಡು, "ಅರಿಶಿಣ ಹಚ್ಚಬೇಕ್ರಿ ಅದಕ್ಕ!" ಎಂದು ಬಗ್ಗಿದಳು. ಫೋಟೋದಲ್ಲಿ ಕಲ್ಲಿನ ಮೇಲೆ ಬರೀ ಒಂದು ಮಸುಕು ಬಿಳುಪು ಬಂತು.

"ಏನೂ ಮಾಡಬ್ಯಾಡ," ಎಂದ ಮಕ್ತುಮಸಾಬ. "ಬುತ್ತಿ ಇಲ್ಲ, ಒಲಿ ಇಲ್ಲ, ನನ್ನ ಮೊಣಕಾಲೂ ಇಲ್ಲ. ಸುಮ್ಮನ ನಿಂದರು."

ಎರಡನೆಯ ಸಲ ಅವಳು ಕೈಗಳನ್ನು ಇಳಿಬಿಟ್ಟು ನಿಂತಳು. ಕಾಲ ಬೆರಳುಗಳ ಸಂದಿಯಲ್ಲಿ ನೀರು ತಣ್ಣಗೆ ಹರಿಯಿತು. ಬದುವಿನ ಮೇಲೆ ದ್ಯಾಮಣ್ಣ ಮತ್ತೆ ಬಂದು ಕೂತಿದ್ದ. ಹಳ್ಳದ ಮಂದಿಯೂ ಏನೆಂದು ತಿಳಿಯದಿದ್ದರೂ ಮಾತು ನಿಲ್ಲಿಸಿ ನೋಡುತ್ತಿದ್ದರು. ಮಕ್ತುಮಸಾಬ ಎಣಿಸುತ್ತಿದ್ದ, ಬಿದ್ದುಹೋದ ದನಿಯಲ್ಲಿ, ಅವಳ ಮೇಲಿನ ಕಣ್ಣು ಕದಲಿಸದೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು.

ಫೋನು ತನ್ನ ಕೆಲಸ ಮುಗಿಸಿತು. ಅವನು ಅದನ್ನು ಮುಟ್ಟಲಿಲ್ಲ. ಮೂವತ್ತೊಂದು, ಎಂದ. ಮೂವತ್ತೆರಡು, ಎಂದ. ಶಮೀಮಳಿಗೆ ಲೆಕ್ಕ ತಪ್ಪಿದ್ದು ಗೊತ್ತಾಯಿತು, ಆದರೂ ಅವಳು ಅಲುಗಲಿಲ್ಲ.